ಬೇರ್ಪಟ್ಟ ಪಾಲಕರು, ಮಗುವಿನ ವಿದೇಶ ಪ್ರಯಾಣ

ಗಂಗಾವತಿಯ ತಾಯಿಯೊಬ್ಬರು ಮಗಳೊಂದಿಗೆ ಜರ್ಮನಿಗೆ ಹೊರಡುವಾಗ, ಕುಷ್ಟಗಿಯಲ್ಲಿರುವ ತಂದೆಯ ಒಪ್ಪಿಗೆ ಪತ್ರವನ್ನು ಸಾಮಾನ್ಯವಾಗಿ ವೀಸಾ ಹಂತದಲ್ಲೇ ಕೇಳುತ್ತಾರೆ. ಪತ್ರ ಇಂಗ್ಲಿಷಿನಲ್ಲಿದ್ದು, ಮಗುವಿನ ಪಾಸ್‌ಪೋರ್ಟ್ ಸಂಖ್ಯೆ, ಜೊತೆಗೆ ಹೋಗುವವರು, ಹೊರಡುವ ಮತ್ತು ಮರಳುವ ದಿನಾಂಕ, ಅಲ್ಲಿನ ವಿಳಾಸ, ತಂದೆಯ ಫೋನ್ ಇರಬೇಕು. ತಂದೆ ನೋಟರಿಯ ಎದುರೇ ಸಹಿ ಮಾಡಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸುವುದು ಲೇಸು. ಹೆಚ್ಚಾಗಿ ಎಡವುವುದು ಹೆಸರಿನಲ್ಲಿ: ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿದ್ದು ಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ಅನುಮಾನ ಹುಟ್ಟುತ್ತದೆ.

ಈ ಪತ್ರ ಪಾಸ್‌ಪೋರ್ಟ್ ಅರ್ಜಿಗೆ ಸಾಲದು. ಅದಕ್ಕೆ ಇಬ್ಬರೂ ಸಹಿ ಮಾಡುವ ‘ಅನುಬಂಧ ಡಿ’ ಬೇರೆ. ಒಬ್ಬರು ಒಪ್ಪದಿದ್ದರೆ ‘ಅನುಬಂಧ ಸಿ’. ಮಗುವಿಗೆ ನ್ಯಾಯಾಲಯವೇ ಪೋಷಕರನ್ನು ನೇಮಿಸಿದ್ದರೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಮಿನಂತೆ ಆ ನ್ಯಾಯಾಲಯದ ವ್ಯಾಪ್ತಿಯಾಚೆ ಕರೆದೊಯ್ಯಲು ಅದರ ಅನುಮತಿಯೇ ಬೇಕು; ಅಲ್ಲಿ ತಂದೆಯ ಪತ್ರವೊಂದೇ ನಡೆಯದು.