ಒಂದೇ ದಿನ ನಾಲ್ಕು ಕಡೆ ಒಪ್ಪಿಕೊಂಡಿದ್ದೀರಾ?

ಆಷಾಢ ಮುಗಿದರೆ ಸಾಕು, ಲಗ್ನಪತ್ರಿಕೆಗಳು ಬರತೊಡಗುತ್ತವೆ. ಯಾರು ಕರೆದರೂ "ಆಯ್ತು, ಬರ್ತೀವಿ" ಅನ್ನುತ್ತೀರಿ, ಬರೆದಿಡಲು ಮರೆಯುತ್ತೀರಿ. ಭಾನುವಾರ ಹತ್ತೂವರೆಗೆ ಸೋದರತ್ತೆಯ ಮೊಮ್ಮಗಳ ಧಾರೆ, ಅದೇ ಬೆಳಿಗ್ಗೆ ಗೆಳತಿಯ ಮನೆ ಗೃಹಪ್ರವೇಶ, ಹನ್ನೊಂದಕ್ಕೆ ಹಲ್ಲಿನ ಡಾಕ್ಟರು, ಮೇಲೆ ನಲ್ಲಿ ರಿಪೇರಿಯವನು. ಈಗ ಹೀಗೆ ಮಾಡಿ.

- ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು, "ಇದು ಮುಂದೆ ಹೋಗುತ್ತದಾ?" ಎಂದು ಒಂದೊಂದಕ್ಕೂ ಕೇಳಿಕೊಳ್ಳಿ. ಮುಹೂರ್ತ ನಿಮಗೋಸ್ಕರ ಕಾಯುವುದಿಲ್ಲ, ಧಾರೆ ಮೊದಲು. ನಲ್ಲಿಯವನು ಕೊನೆಗೆ, ತೊಟ್ಟಿಕ್ಕುವ ಕಡೆ ಒಂದು ಬಕೆಟ್ ಇಡಿ, ಆ ನೀರು ಗಿಡಕ್ಕಾಗುತ್ತದೆ.

- ಡಾಕ್ಟರನ್ನು ಸುಮ್ಮನೆ ಕೊನೆಗೆ ತಳ್ಳಬೇಡಿ. ಬರೀ ಹಲ್ಲು ಕ್ಲೀನ್ ಮಾಡಿಸುವುದಾದರೆ ಮುಂದಿನ ವಾರ ಹೋದರೂ ನಡೆಯುತ್ತದೆ. ರೂಟ್ ಕೆನಾಲ್ ಅರ್ಧ ಆಗಿದ್ದರೆ ಒಳಗೆ ತಾತ್ಕಾಲಿಕ ಸಿಮೆಂಟು ಮಾತ್ರ ಇರುತ್ತದೆ, ವಾರಗಟ್ಟಲೆ ಬಿಟ್ಟರೆ ಸವೆದು ಕಳಚುತ್ತದೆ. ಹಾಗಿದ್ದರೆ ಎಷ್ಟು ದಿನ ತಡೆಯಬಹುದೆಂದು ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿ. ನೋವು, ಬಾವು ಇದ್ದರೆ ಮುಂದೂಡಲೇಬೇಡಿ. ಆಗ ಧಾರೆಯ ಬದಲು ಆರತಕ್ಷತೆಗೆ ಹೋಗಿ ಅಕ್ಷತೆ ಹಾಕಿ ಬನ್ನಿ.

- ಗೃಹಪ್ರವೇಶದ ಮನೆಗೆ ಇವತ್ತೇ ಹೇಳಿ. ಅಡುಗೆಯವರಿಗೆ ಎಷ್ಟು ಎಲೆ ಎಂದು ಅವರು ಮುಂಚೆಯೇ ಲೆಕ್ಕ ಕೊಡಬೇಕು. ನೀವು ನಾಲ್ಕು ಜನ ಹಿಂದಿನ ರಾತ್ರಿ ಇಲ್ಲವೆಂದರೆ ನಾಲ್ಕು ಎಲೆ ಊಟದ ದುಡ್ಡು ದಂಡ.

- ಮೆಸೇಜ್ ಹಾಕಿ ಕೈತೊಳೆದುಕೊಳ್ಳಬೇಡಿ, ಫೋನ್ ಮಾಡಿ. ಗಡಿಬಿಡಿಯ ಮನೆಯಲ್ಲಿ ಮೆಸೇಜ್ ಯಾರು ನೋಡುತ್ತಾರೆ? ಇಷ್ಟು ಹೇಳಿ: "ಅದೇ ಹೊತ್ತಿಗೆ ನಮ್ಮ ಹತ್ತಿರದವರ ಧಾರೆ ಇದೆ ಕಣೇ. ಊಟಕ್ಕೆ ನಮ್ಮನ್ನ ಲೆಕ್ಕ ಹಿಡೀಬೇಡ. ಬುಧವಾರ ಸಂಜೆ ಬರಲಾ, ಇಲ್ಲಾ ಶನಿವಾರವಾ? ನಿಂಗೆ ಯಾವುದು ಅನುಕೂಲ?" ಎರಡು ದಿನ ಹೇಳಿದರೆ ಅವರಿಗೆ ಆರಿಸಲು ಸುಲಭ. "ಯಾವಾಗಲಾದ್ರೂ ಬರ್ತೀನಿ" ಅಂದದ್ದು ದೀಪಾವಳಿಯಾದರೂ ಆಗುವುದಿಲ್ಲ.

- ಹುಷಾರಿಲ್ಲ ಎಂದು ಸುಳ್ಳು ಹೇಳಬೇಡಿ. ಛತ್ರದ ಫೋಟೋ ಸಂಜೆಯೊಳಗೆ ಎಲ್ಲರ ಫೋನಿಗೂ ಬಂದಿರುತ್ತದೆ.

- ಎರಡು ಕಡೆಗೂ ಓಡುತ್ತೇನೆ ಎಂದು ಹಟ ಹಿಡಿಯಬೇಡಿ. ಬೆಂಗಳೂರಿನಲ್ಲಿ ಜಯನಗರದಿಂದ ಯಲಹಂಕಕ್ಕೆ ಹೋಗುವಷ್ಟರಲ್ಲಿ ಇಲ್ಲಿ ಧಾರೆಯೂ ತಪ್ಪಿ, ಅಲ್ಲಿ ಪೂಜೆಯೂ ಮುಗಿದಿರುತ್ತದೆ. ಆಟೋ ಬಾಡಿಗೆ ಬೇರೆ.

- ಒಮ್ಮೆ ಮುಂದೂಡಿದ್ದನ್ನು ಮತ್ತೆ ಮುಂದೂಡಬೇಡಿ. ಬುಧವಾರ ಎಂದು ಒಪ್ಪಿದ ಮೇಲೆ ಆ ಸಂಜೆಗೆ ಬೇರೆ ಏನು ಬಂದರೂ, ಅದೇ ಜಾಗ ಬಿಡಲಿ. ಗೆಳತಿ ಎರಡನೇ ಸಲ ಏನೂ ಅನ್ನದಿದ್ದರೂ ಮನಸ್ಸಿನಲ್ಲಿಟ್ಟುಕೊಳ್ಳುತ್ತಾಳೆ.

- ಫೋನ್ ಇಡುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಹಳೆಯದನ್ನು ಹೊಡೆದುಹಾಕಿ, ಹೊಸ ದಿನ ಬರೆಯಿರಿ. ನಿಮ್ಮ ಮೊಬೈಲಿನೊಳಗಿನದು ಯಜಮಾನರಿಗೆ ಕಾಣುವುದಿಲ್ಲ. ಅವರು ಅದೇ ಬುಧವಾರ ಯಾರನ್ನೋ ಊಟಕ್ಕೆ ಕರೆದುಬಿಟ್ಟಾರು. ಪೆನ್ನನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿ.