ಎಂಟು ಪರ್ಸೆಂಟಿನ ಬಸ್ಸು

ನಮ್ಮ ಟ್ರಸ್ಟಿನ ಪ್ರೌಢಶಾಲೆಗೆ ಇನ್ನೊಂದು ಬಸ್ಸು ಬೇಕೆಂಬ ಮನವಿ ಕಳೆದ ಸಭೆಯ ಮುಂದೆ ಬಂತು. ಮೊದಲ ಬಸ್ಸಿನ ಕಡತ ತರಿಸಿಕೊಂಡು ಓದದೆ ಎರಡನೆಯದರ ಮಾತು ಬೇಡ ಎಂದೆ. ನಾನು ಖಜಾಂಚಿಯಾಗಿ ಬರುವ ಮೊದಲೇ ಆ ಬಸ್ಸು ಬಂದಿತ್ತು. ಅದರ ಸಾಲಕ್ಕೆ ತಿಂಗಳಿಗೆ 46,667 ರೂಪಾಯಿ ಕಂತು ಹೋಗುತ್ತಿದೆ. ಶಿಕ್ಷಕರ ಸಂಬಳ ತಿಂಗಳ ಮೊದಲ ವಾರ ಬಿಟ್ಟು ಮೂರನೆಯ ವಾರಕ್ಕೆ ಜಾರಿದ್ದು ಆ ಸಾಲ ಶುರುವಾದ ವರ್ಷದಿಂದ. ಇವೆರಡಕ್ಕೂ ಸಂಬಂಧವಿದೆ ಎಂದು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಡತದಲ್ಲಿದ್ದದ್ದು ಒಂದೇ ಹಾಳೆ. ಬಸ್ಸಿನ ಆನ್ ರೋಡ್ ಬೆಲೆ 26 ಲಕ್ಷ. ಟ್ರಸ್ಟ್ ಕೈಯಿಂದ 6 ಲಕ್ಷ, ಸಾಲ 20 ಲಕ್ಷ. ಬಸ್ಸಿಗೆ ಬರುವ 55 ಮಕ್ಕಳಿಂದ ತಿಂಗಳಿಗೆ 1,800ರಂತೆ ಹತ್ತು ತಿಂಗಳಿಗೆ 9.9 ಲಕ್ಷ ಫೀಸು. ಅದರಲ್ಲಿ ಡೀಸೆಲ್ 2.88 ಲಕ್ಷ, ಚಾಲಕನ ಸಂಬಳ 1.8 ಲಕ್ಷ ಕಳೆದರೆ ವರ್ಷಕ್ಕೆ 5.22 ಲಕ್ಷ ಉಳಿಕೆ, ಐದೇ ವರ್ಷಕ್ಕೆ ಬಂಡವಾಳ ವಾಪಸ್ಸು. ಹಿರಿಯ ಟ್ರಸ್ಟಿಯೊಬ್ಬರು ಇವತ್ತಿಗೂ ಅದೇ ಮಾತು ಹೇಳುತ್ತಾರೆ: ‘ಹೆಂಗೂ ಮಕ್ಕಳ ಫೀಸು ಬರ್ತದಲ್ರೀ, ಬಸ್ಸು ತನ್ನ ಸಾಲ ತಾನ ತೀರಿಸ್ತದ.’

ಆದರೆ ಬಸ್ಸು ಕೊಳ್ಳುವ ಮೊದಲೂ ಆ ಫೀಸು ಬರುತ್ತಿತ್ತು! ಆಗ ಮಕ್ಕಳನ್ನು ಕರೆತರುತ್ತಿದ್ದದ್ದು ಗುತ್ತಿಗೆದಾರರ ಬಸ್ಸು. ಅದಕ್ಕೆ ತಿಂಗಳಿಗೆ 95,000ದಂತೆ ಹತ್ತು ತಿಂಗಳಿಗೆ 9.5 ಲಕ್ಷ ಕೊಡುತ್ತಿದ್ದೆವು. ಸ್ವಂತ ಬಸ್ಸು ಬಂದದ್ದರಿಂದ ಫೀಸು ಒಂದು ರೂಪಾಯಿಯೂ ಹೆಚ್ಚಲಿಲ್ಲ, ಉಳಿದದ್ದು ಬಾಡಿಗೆ ಮಾತ್ರ. ಹಾಗಾಗಿ 26 ಲಕ್ಷವನ್ನು ಭಾಗಿಸಬೇಕಾದದ್ದು ಫೀಸಿನ ಉಳಿಕೆಯಿಂದಲ್ಲ. ಹಳೆಯ ಬಾಡಿಗೆಯಲ್ಲಿ ಸ್ವಂತ ಬಸ್ಸಿನ ಓಡಾಟದ ಖರ್ಚು ಕಳೆದು ನಿಂತ ಮೊತ್ತದಿಂದ. ಬಸ್ಸಿನ ಆಯಾಳ ಸಂಬಳವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಬಾಡಿಗೆ ಬಸ್ಸಿದ್ದಾಗಲೂ ಆಕೆಗೆ ಸಂಬಳ ಕೊಡುತ್ತಿದ್ದವರು ನಾವೇ.

ಓಡಾಟದ ಖರ್ಚನ್ನು ಲಾಗ್ ಪುಸ್ತಕ ಇಟ್ಟುಕೊಂಡು ತೆಗೆದೆ. ದಿನಕ್ಕೆ 80 ಕಿಲೋಮೀಟರ್, 220 ದಿನ, ಅಂದರೆ 17,600 ಕಿ.ಮೀ. ನಮ್ಮ ರಸ್ತೆಗಳಲ್ಲಿ ಲೀಟರಿಗೆ ಐದೂವರೆ ಕಿ.ಮೀ. ಕೊಡುತ್ತದೆ, ಆದ್ದರಿಂದ 3,200 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 2.88 ಲಕ್ಷ. ಹಾಳೆ ಬರೆದವರು ಇದನ್ನು ಸರಿಯಾಗಿಯೇ ಹಿಡಿದಿದ್ದರು. ಚಾಲಕನಿಗೆ ಮಾತ್ರ ಹತ್ತು ತಿಂಗಳ ಸಂಬಳ ಹಾಕಿದ್ದರು. ಗುತ್ತಿಗೆದಾರರಿಗೆ ರಜೆಯ ಎರಡು ತಿಂಗಳು ಏನೂ ಕೊಡಬೇಕಿರಲಿಲ್ಲ ನಿಜ. ಸ್ವಂತ ಚಾಲಕನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸಂಬಳ ಕೊಡದಿದ್ದರೆ ಜೂನ್‌ನಲ್ಲಿ ಅವನು ಬೇರೆ ಕಡೆ ಇರುತ್ತಾನೆ. ತಿಂಗಳಿಗೆ 18,000ದಂತೆ ವರ್ಷಕ್ಕೆ 2.16 ಲಕ್ಷ. ವಿಮೆ, ತೆರಿಗೆಗೆ 70,000. ಟೈರು, ಸರ್ವೀಸು, ಎಫ್.ಸಿ. ಎಲ್ಲ ಸೇರಿ ಸರಾಸರಿ 90,000. ಈ ಎರಡು ಬಾಬ್ತು ಹಾಳೆಯಲ್ಲಿ ಇರಲೇ ಇಲ್ಲ.

ಒಟ್ಟು 6.64 ಲಕ್ಷ. ಬಾಡಿಗೆ 9.5 ಲಕ್ಷದಲ್ಲಿ ಇದನ್ನು ಕಳೆದರೆ ಸ್ವಂತ ಬಸ್ಸಿನಿಂದ ವರ್ಷಕ್ಕೆ ಉಳಿಯುವುದು 2.86 ಲಕ್ಷ. ಬಂಡವಾಳ ವಾಪಸ್ಸಾಗಲು ಬೇಕಾದದ್ದು ಐದು ವರ್ಷವಲ್ಲ, ಒಂಬತ್ತು. ಅದೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಡೀಸೆಲ್, ಸಂಬಳ, ಬಾಡಿಗೆ ಎಲ್ಲವೂ ಮುಂದೆ ಏರುತ್ತವೆ. ಅವು ಹೆಚ್ಚುಕಡಿಮೆ ಜೊತೆಜೊತೆಗೇ ಏರುತ್ತವೆ ಎಂದು ಇಂದಿನ ದರದಲ್ಲೇ ನಿಲ್ಲಿಸಿದ್ದೇನೆ.

ಇನ್ನು ಸಾಲ. ಬಸ್ಸು ಮಾರಿದವರ ಕಚೇರಿಯಲ್ಲೇ ಫೈನಾನ್ಸ್ ಕಂಪನಿಯವರ ಮೇಜು ಇತ್ತಂತೆ. ‘ಬ್ಯಾಂಕಿನವರು ಹತ್ತೂವರೆ ಹಾಕ್ತಾರೆ ಸರ್, ನಮ್ಮದು ಎಂಟೇ ಪರ್ಸೆಂಟ್’ ಎಂದರಂತೆ. ಎಂಟು ಹತ್ತೂವರೆಗಿಂತ ಕಡಿಮೆ ಎಂದು ಮಂಡಳಿ ಅಲ್ಲೇ ಸಹಿ ಹಾಕಿತು. ಆ ಎಂಟು ಫ್ಲಾಟ್ ದರ. ಬ್ಯಾಂಕಿನ ಹತ್ತೂವರೆ ರೆಡ್ಯೂಸಿಂಗ್ ದರ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡುವುದೆಂದರೆ ಕಿಲೋವನ್ನೂ ಲೀಟರನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ಫ್ಲಾಟ್ ಲೆಕ್ಕದಲ್ಲಿ 20 ಲಕ್ಷಕ್ಕೆ ವರ್ಷಕ್ಕೆ 1.6 ಲಕ್ಷ ಬಡ್ಡಿ, ಐದು ವರ್ಷಕ್ಕೆ 8 ಲಕ್ಷ. ಅದನ್ನು ಅಸಲಿಗೆ ಸೇರಿಸಿ ಅರವತ್ತರಿಂದ ಭಾಗಿಸಿದರೆ 46,667. ಈ ಕಂತಿನಲ್ಲಿ 33,333 ಅಸಲು, 13,333 ಬಡ್ಡಿ. ಮೊದಲ ತಿಂಗಳು ನಮ್ಮ ಮೇಲಿದ್ದ ಸಾಲ 20 ಲಕ್ಷ, ಅದಕ್ಕೆ 13,333 ಬಡ್ಡಿ ಸರಿ. ಅರ್ಧ ದಾರಿಯಲ್ಲಿ ಉಳಿದಿರುವ ಅಸಲು 10 ಲಕ್ಷ, ಬಡ್ಡಿ ಮಾತ್ರ ಅದೇ 13,333. ಕೊನೆಯ ತಿಂಗಳು ಉಳಿದಿರುವುದು 33,333 ರೂಪಾಯಿ. ಅಷ್ಟಕ್ಕೂ ಆ ಒಂದು ತಿಂಗಳ ಬಡ್ಡಿ 13,333! ತೀರಿಸಿದ ಹಣಕ್ಕೂ ಬಡ್ಡಿ ಕಟ್ಟಿಸಿಕೊಳ್ಳುವ ಲೆಕ್ಕ ಇದು. ಇದನ್ನು ‘ಎಂಟು ಪರ್ಸೆಂಟ್’ ಎಂದು ಹೇಳಿ ಧರ್ಮಸಂಸ್ಥೆಗಳಿಗೆ ಮಾರುವುದನ್ನು ನಾನು ಒಪ್ಪಲಾರೆ. ನಿಜವಾದ ದರ ಎಷ್ಟೆಂದು ತಿಳಿಯಲು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಸಾಕು:

```
=RATE(60,-46667,2000000)*12
```

ಉತ್ತರ 14.1 ಪರ್ಸೆಂಟಿನ ಆಸುಪಾಸು. ಕಂಪ್ಯೂಟರ್ ಇಲ್ಲದಿದ್ದರೆ, ಐದು ವರ್ಷದ ಸಾಲಕ್ಕೆ ಫ್ಲಾಟ್ ದರದ ಒಂದೂಮುಕ್ಕಾಲು ಪಟ್ಟು ಹಿಡಿಯಿರಿ, ಹತ್ತಿರದ ಅಂದಾಜು ಸಿಗುತ್ತದೆ. ಪ್ರೊಸೆಸಿಂಗ್ ಶುಲ್ಕವನ್ನು ಸಾಲದಲ್ಲೇ ಮುರಿದುಕೊಂಡರೆ ಇನ್ನೂ ಮೇಲೆ. ಬ್ಯಾಂಕಿನ ಹತ್ತೂವರೆಯಲ್ಲಿ ಅದೇ 20 ಲಕ್ಷಕ್ಕೆ ಕಂತು 42,988, ಐದು ವರ್ಷದ ಬಡ್ಡಿ 5.79 ಲಕ್ಷ. ಎಂಟನ್ನು ನಂಬಿದ್ದಕ್ಕೆ ಟ್ರಸ್ಟ್ ತೆತ್ತದ್ದು 2.2 ಲಕ್ಷ.

ಮಂಡಳಿಯಲ್ಲಿ ಅತಿ ಹೆಚ್ಚು ಗೊಂದಲವಾದದ್ದು ಸವಕಳಿಯ ವಿಷಯಕ್ಕೆ. ಒಬ್ಬರು ಅದು ಬರೀ ಆಡಿಟರ್ ಬರೆಯುವ ಅಂಕಿ ಎಂದು ಬಿಟ್ಟುಬಿಡುತ್ತಾರೆ. ಇನ್ನೊಬ್ಬರು ಸವಕಳಿಯನ್ನೂ ಕಳೆದು, ಪೂರ್ತಿ ಕಂತನ್ನೂ ಕಳೆದು ದೊಡ್ಡ ನಷ್ಟ ತೋರಿಸುತ್ತಾರೆ. ಕಂತಿನಲ್ಲಿರುವ ಅಸಲು ಬಸ್ಸಿನ ಬೆಲೆಯೇ. ಸವಕಳಿಯೂ ಅದೇ ಬೆಲೆಯನ್ನು ವರ್ಷಗಳಿಗೆ ಹಂಚಿದ್ದು. ಎರಡನ್ನೂ ಕಳೆದರೆ ಒಂದೇ ಬಸ್ಸಿಗೆ ಎರಡು ಸಲ ಹಣ ಕೊಟ್ಟಂತೆ ಲೆಕ್ಕವಾಗುತ್ತದೆ. ಅದಕ್ಕೇ ನಾನು ಎರಡು ಹಾಳೆ ಮಾಡಿದೆ.

ಮೊದಲ ಹಾಳೆ ಬಸ್ಸಿನ ನಿಜವಾದ ವೆಚ್ಚದ್ದು. ಹತ್ತು ವರ್ಷ ಓಡಿಸಿ 4 ಲಕ್ಷಕ್ಕೆ ಮಾರುತ್ತೇವೆ ಎಂದುಕೊಂಡರೆ ಸವೆಯುವುದು 22 ಲಕ್ಷ, ವರ್ಷಕ್ಕೆ 2.2 ಲಕ್ಷ. ಸಾಲವಿರುವ ಐದು ವರ್ಷ ಇದಕ್ಕೆ 1.6 ಲಕ್ಷ ಬಡ್ಡಿ ಸೇರಿ 3.8 ಲಕ್ಷ. ಬಸ್ಸು ಉಳಿಸುವುದು 2.86 ಲಕ್ಷ, ಆದ್ದರಿಂದ ವರ್ಷಕ್ಕೆ 94,000 ಕೊರತೆ. ಸಾಲ ತೀರಿದ ಮೇಲಿನ ಐದು ವರ್ಷ 66,000ದಂತೆ ಮಿಗುತ್ತದೆ. ಹತ್ತು ವರ್ಷ ಕೂಡಿಸಿದರೆ 1.4 ಲಕ್ಷ ನಷ್ಟ. ಬ್ಯಾಂಕ್ ಸಾಲವಾಗಿದ್ದರೆ ಅದೇ ಬಸ್ಸು, ಅದೇ ದಾರಿ, 80,000 ರೂಪಾಯಿ ಉಳಿತಾಯ. ಹತ್ತು ವರ್ಷವೆಂಬುದು ಕೂಡ ಉದಾರ ಅಂದಾಜೇ. ಎಂಟು ವರ್ಷದವರೆಗೆ ಎಫ್.ಸಿ. ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ. ಪ್ರತಿ ಎಫ್.ಸಿ.ಗೂ ಮೊದಲು ಬಾಡಿ, ಬ್ರೇಕು, ಪೇಂಟಿನ ಕೆಲಸ ಬೀಳುತ್ತದೆ.

ಎರಡನೆಯ ಹಾಳೆ ಕೈಯಲ್ಲಿರುವ ನಗದಿನದು. ಅಲ್ಲಿ ಸವಕಳಿಗೆ ಜಾಗವಿಲ್ಲ, ಪೂರ್ತಿ ಕಂತಿಗಿದೆ. ವರ್ಷದ ಕಂತು 5.6 ಲಕ್ಷ, ಬಸ್ಸು ಉಳಿಸುವುದು 2.86 ಲಕ್ಷ. ಉಳಿದ 2.74 ಲಕ್ಷ ಪ್ರತಿ ವರ್ಷ ಬೇರೆಲ್ಲಿಂದಲೋ ಬರಬೇಕು. ಸಂಬಳ ಮೂರನೆಯ ವಾರಕ್ಕೆ ಜಾರಿದ್ದರ ಕಾರಣ ಈ ಸಾಲಿನಲ್ಲಿ ಕಂಡಿತು.

ಸವಕಳಿ ಪುಸ್ತಕದಲ್ಲಿ ಬರೆದು ಮುಗಿಯುವ ವಿಷಯವಲ್ಲ ಎಂದು ನಾನು ಸಭೆಯಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ. ಸಾಲ ತೀರಿದ ತಿಂಗಳಿನಿಂದಲಾದರೂ ವರ್ಷಕ್ಕೆ 2.2 ಲಕ್ಷ ಬೇರೆ ಠೇವಣಿಗೆ ಹೋಗಬೇಕು. ಹಣ ಮಿಕ್ಕಂತೆ ಕಂಡ ವರ್ಷ ವಾರ್ಷಿಕೋತ್ಸವದ ವೇದಿಕೆ ದೊಡ್ಡದಾಗುತ್ತದೆ, ಕಾಂಪೌಂಡಿಗೆ ಬಣ್ಣ ಬೀಳುತ್ತದೆ; ಬಸ್ಸು ಮುದಿಯಾದಾಗ ಮತ್ತೆ ಅದೇ ಫೈನಾನ್ಸ್ ಮೇಜಿನ ಮುಂದೆ ಕೂರುತ್ತೇವೆ. ಸಭೆಯ ದಿನವೇ ಕಾಗದ ಹಂಚಿ, ಊಟದೊಳಗೆ ಠರಾವು ಮುಗಿಸುವ ರೂಢಿಯೂ ಹೋಗಬೇಕು. 26 ಲಕ್ಷದ ವಿಷಯ ಟ್ರಸ್ಟಿಗಳ ಮನೆಗೆ ಒಂದು ವಾರ ಮೊದಲು ತಲುಪಬೇಕು.

ಸವಕಳಿಯ ಮಾತು ಬಂದದ್ದರಿಂದ ತೆರಿಗೆಯ ವಿಷಯವನ್ನೂ ಹೇಳಬೇಕು. ಆದಾಯದ 85 ಪರ್ಸೆಂಟ್ ಖರ್ಚು ತೋರಿಸಲು ಮಾರ್ಚ್ 31ರೊಳಗೆ ಬಸ್ಸು ಕೊಂಡುಬಿಡೋಣ ಎಂಬ ಸಲಹೆ ಎಲ್ಲ ಟ್ರಸ್ಟುಗಳಲ್ಲೂ ಬರುತ್ತದೆ. 2021ರ ತಿದ್ದುಪಡಿಯ ನಂತರ ಸಾಲದ ಹಣದಲ್ಲಿ ಕೊಂಡದ್ದು ಆ ವರ್ಷದ ಖರ್ಚಾಗಿ ನಿಲ್ಲುವುದಿಲ್ಲ. ನಮ್ಮ ಬಸ್ಸಿನಲ್ಲಿ ಕೈಯಿಂದ ಹಾಕಿದ 6 ಲಕ್ಷ ಮಾತ್ರ ಆ ವರ್ಷಕ್ಕೆ. ಸಾಲದ ಅಸಲು ತೀರಿಸಿದಂತೆ ಆಯಾ ವರ್ಷಕ್ಕೆ ಲೆಕ್ಕವಾಗುತ್ತದೆ, ಅದಕ್ಕೂ ಐದು ವರ್ಷದ ಗಡಿಯಿದೆ. ಹೀಗೆ ಖರ್ಚಾಗಿ ತೋರಿಸಿದ ಆಸ್ತಿಯ ಮೇಲೆ ಸವಕಳಿಯನ್ನು ಮತ್ತೆ ಕೇಳುವಂತಿಲ್ಲ. ಸಹಿ ಹಾಕುವ ಮೊದಲು ಆಡಿಟರರನ್ನು ಕೇಳಿ, ಆಮೇಲೆ ಅಲ್ಲ.

ಈಗ ಎರಡನೆಯ ಬಸ್ಸು. ಅದನ್ನು ಕೇಳಿದ್ದು ಇನ್ನೊಂದು ದಿಕ್ಕಿನ ಹಳ್ಳಿಗಳಿಗೆ. ಅಲ್ಲಿಗೆ ಈಗ ತಿಂಗಳಿಗೆ 45,000ಕ್ಕೆ ಚಿಕ್ಕ ಬಾಡಿಗೆ ವಾಹನ ಓಡುತ್ತಿದೆ, ವರ್ಷಕ್ಕೆ 4.5 ಲಕ್ಷ. ಇಷ್ಟು ಬಾಡಿಗೆಗೆ ಬದಲಾಗಿ 26 ಲಕ್ಷದ ಬಸ್ಸು ಯಾವ ದರದ ಸಾಲದಲ್ಲೂ ಗಿಟ್ಟುವುದಿಲ್ಲ, ಚಾಲಕನ ಸಂಬಳ ಮತ್ತು ವಿಮೆಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಆದರೆ ಮೊದಲ ಬಸ್ಸು ಬೆಳಿಗ್ಗೆ ಒಂದೇ ಟ್ರಿಪ್ ಮಾಡಿ ಸಂಜೆಯವರೆಗೆ ನಿಂತಿರುತ್ತದೆ. ಅದೇ ಎರಡನೆಯ ಟ್ರಿಪ್ ಮಾಡಿದರೆ ದಿನಕ್ಕೆ 50 ಕಿ.ಮೀ. ಹೆಚ್ಚು: ಡೀಸೆಲ್ 1.8 ಲಕ್ಷ, ಚಾಲಕನಿಗೆ ಹೆಚ್ಚುವರಿ ಭತ್ಯೆ 30,000, ಟೈರು ಮತ್ತು ಸರ್ವೀಸಿಗೆ 40,000. ಬಾಡಿಗೆ 4.5 ಲಕ್ಷದಲ್ಲಿ ಈ 2.5 ಲಕ್ಷ ಕಳೆದರೆ 2 ಲಕ್ಷ ಉಳಿಯುತ್ತದೆ. ಬಸ್ಸಿನ ಒಟ್ಟು ಉಳಿತಾಯ 4.86 ಲಕ್ಷಕ್ಕೆ ಏರುತ್ತದೆ, ಕಂತಿನ ಕೊರತೆ 2.74 ಲಕ್ಷದಿಂದ 74,000ಕ್ಕೆ ಇಳಿಯುತ್ತದೆ. ಮೊದಲಿನಿಂದಲೂ ಹೀಗೆ ಓಡಿಸಿದ್ದರೆ 26 ಲಕ್ಷ ಸುಮಾರು ಐದೂವರೆ ವರ್ಷಕ್ಕೇ ವಾಪಸ್ಸಾಗುತ್ತಿತ್ತು. ಹಾಳೆಯಲ್ಲಿ ಬರೆದಿದ್ದ ಐದು ವರ್ಷದ ಹತ್ತಿರಕ್ಕೆ ಬಸ್ಸನ್ನು ತರುವುದು ಎರಡನೆಯ ಟ್ರಿಪ್ ಮಾತ್ರ.

ತೊಡಕು ಇಷ್ಟೇ: ಮೊದಲ ಟ್ರಿಪ್ಪಿನ ಮಕ್ಕಳು ಗಂಟೆ ಹೊಡೆಯುವುದಕ್ಕೆ ಸುಮಾರು ಐವತ್ತು ನಿಮಿಷ ಮೊದಲೇ ಶಾಲೆಯಲ್ಲಿರಬೇಕಾಗುತ್ತದೆ. ಅಷ್ಟು ಬೇಗ ಗೇಟು ತೆಗೆದು ಒಬ್ಬ ಶಿಕ್ಷಕರು ಅಲ್ಲಿರಬೇಕು, ಮನೆಯಲ್ಲಿ ತಾಯಂದಿರು ಡಬ್ಬಿ ಬೇಗ ಕಟ್ಟಬೇಕು. ಇದು ಮಂಡಳಿ ಒಂದೇ ಠರಾವಿನಿಂದ ತೀರ್ಮಾನಿಸುವ ವಿಷಯವಲ್ಲ. ಬರುವ ಶನಿವಾರ ಮೊದಲ ಟ್ರಿಪ್ಪಿನ ಮಕ್ಕಳ ಪಾಲಕರ ಸಭೆ ಕರೆದಿದ್ದೇವೆ. ಅವರು ಒಪ್ಪಿದರೆ ಬಾಡಿಗೆ ವಾಹನದವರಿಗೆ ಒಂದು ತಿಂಗಳ ಮುನ್ಸೂಚನೆ ಕೊಡುತ್ತೇವೆ. ಒಪ್ಪದಿದ್ದರೆ ಆ ವಾಹನ ಮುಂದುವರಿಯಲಿ ಎಂಬುದೇ ನನ್ನ ಮತ.