ಮೊದಲ ಸಂಪಾದನೆಯಲ್ಲಿ ಆರುನೂರು ರೂಪಾಯಿ

ಪ್ರೀತಿಯ ಪುಟ್ಟಿ,

ಶನಿವಾರ, ಭಾನುವಾರ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಲು ಶುರುಮಾಡಿದ್ದೀಯಂತೆ, ತಲೆಗೆ 500ರಂತೆ ತಿಂಗಳಿಗೆ 2,000 ಬರುತ್ತದಂತೆ. ಅಮ್ಮ ಫೋನಿನಲ್ಲಿ ಎರಡು ಸಲ ಹೇಳಿದಳು. ಅವಳಿಗೊಂದು ಸೀರೆ ತರಬೇಕೆಂದಿದ್ದೀಯಲ್ಲ, ಖಂಡಿತ ತಾ. ಅದಕ್ಕೂ ಮೊದಲು 600 ರೂಪಾಯಿ ಎತ್ತಿಡು ಎನ್ನುವುದಕ್ಕೇ ಈ ಪತ್ರ.

ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುವ ಯೋಚನೆ ಒಳ್ಳೆಯದೇ. ಆದರೆ ತಿಂಗಳಿಗೆ 1,000 ಕಟ್ಟುತ್ತೇನೆ ಎಂದಿದ್ದೀಯಲ್ಲ, ಅದು ಬೇಡ. ಟ್ಯೂಷನ್ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ, ಹತ್ತೇ ತಿಂಗಳು. ಪರೀಕ್ಷೆ ಮುಗಿದ ಮರುದಿನದಿಂದ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಿನ್ನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ಕಂತು ಮಾತ್ರ ರಜೆ ಕೇಳುವುದಿಲ್ಲ. ಕಂತನ್ನು ಗೊತ್ತುಮಾಡುವಾಗ ಜೂನ್ ತಿಂಗಳ ಉತ್ಸಾಹವನ್ನು ನೋಡಬೇಡ, ಮೇ ತಿಂಗಳ ಖಾಲಿ ಕೈಯನ್ನು ನೋಡು.

ಲೆಕ್ಕ ಹೀಗೆ. ಆರ್‌ಡಿಗೆ 500 ಗೊತ್ತುಮಾಡು, ಆದರೆ ದುಡಿಯುವ ಹತ್ತು ತಿಂಗಳೂ 600 ತೆಗೆದಿಡು. ಮೇಲಿನ ನೂರು ಸೇರಿ ಮಾರ್ಚ್ ಹೊತ್ತಿಗೆ 1,000 ಆಗಿರುತ್ತದೆ. ಅದೇ ಏಪ್ರಿಲ್, ಮೇ ಕಂತು. ನಡುವೆ ಒಂದು ಮಗು ಬಿಟ್ಟುಹೋಗಿ ವರಮಾನ 1,500ಕ್ಕೆ ಇಳಿದರೂ 600 ತೆಗೆಯುವುದು ನಿನಗೆ ಭಾರವಾಗದು.

ಆ ನೂರು ನಿನ್ನ ಫೋನ್‌ಪೇ ಇರುವ ಖಾತೆಯಲ್ಲಿ ಉಳಿಯುವುದಿಲ್ಲ. ಫೀಸು ಒಟ್ಟಿಗೆ ಬರುವುದೂ ಇಲ್ಲ. ಒಬ್ಬರು 300 ಹಾಕಿ "ಉಳಿದದ್ದು ಹತ್ತನೇ ತಾರೀಕಿನ ಮೇಲೆ, ಮಿಸ್" ಅನ್ನುತ್ತಾರೆ, ಇನ್ನೊಬ್ಬರು ಮರೆತೇಬಿಡುತ್ತಾರೆ. ಹೀಗೆ ಚೂರುಚೂರಾಗಿ ಬಂದ ಹಣ ರೀಚಾರ್ಜಿಗೆ, ಕ್ಯಾಂಟೀನಿಗೆ ಹಾಗೇ ಕರಗುತ್ತದೆ. ಅದಕ್ಕೆ ಅಂಚೆ ಕಚೇರಿಯಲ್ಲೇ ಒಂದು ಉಳಿತಾಯ ಖಾತೆಯನ್ನೂ ತೆರೆ. ಎರಡು ಮಕ್ಕಳ ಫೀಸು ಬಂದ ಕೂಡಲೇ 600 ಅಲ್ಲಿಗೆ ಹಾಕು. ಒಂದು ಅರ್ಜಿ ಬರೆದುಕೊಟ್ಟರೆ ಅಲ್ಲಿಂದ ಪ್ರತಿ ತಿಂಗಳು 500 ತಾನಾಗಿಯೇ ಆರ್‌ಡಿಗೆ ಹೋಗುತ್ತದೆ. ಆ ಖಾತೆಯಲ್ಲಿ ಕನಿಷ್ಠ 500 ಯಾವಾಗಲೂ ಇರಬೇಕು. ಅದನ್ನು ನಾನು ಕಳಿಸುತ್ತೇನೆ.

ಹೋಗುವ ದಿನವನ್ನೂ ನೋಡಿಕೊಂಡು ಹೋಗು. ಆರ್‌ಡಿಯನ್ನು ತಿಂಗಳ 15ರೊಳಗೆ ತೆರೆದರೆ ಮುಂದಿನ ಕಂತುಗಳನ್ನೆಲ್ಲ 15ರೊಳಗೇ ಕಟ್ಟಬೇಕು. 16ರ ನಂತರ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ ಸಿಗುತ್ತದೆ. ತಡವಾಗಿ ಫೀಸು ಕೊಡುವವರನ್ನು ಕಟ್ಟಿಕೊಂಡಿರುವ ನಿನಗೆ ಎರಡನೆಯದೇ ಸರಿ.

ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ, ಅಂದರೆ ನಿನಗೆ ತಿಂಗಳಿಗೆ ಐದು ರೂಪಾಯಿ ದಂಡ. ಅದು ದೊಡ್ಡದಲ್ಲ. ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಅಲ್ಲಿಂದ ಎರಡು ತಿಂಗಳೊಳಗೆ ಬಾಕಿ ತೀರಿಸಿ ಮತ್ತೆ ನಡೆಸದಿದ್ದರೆ ಮುಂದೆ ಕಟ್ಟಲು ಬರುವುದೇ ಇಲ್ಲ.

ಇದರ ಅವಧಿ ಐದು ವರ್ಷ ಎಂಬುದನ್ನು ಮರೆಯಬೇಡ. ಮೂರು ವರ್ಷ ತುಂಬುವ ಮೊದಲು ಮುಚ್ಚಲು ಆಗದು. ಆಮೇಲೆ ಅರ್ಧದಲ್ಲಿ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿ, ಶೇ 4 ಮಾತ್ರ ಸಿಗುತ್ತದೆ. ಹನ್ನೆರಡು ಕಂತು ತಪ್ಪದೆ ಕಟ್ಟಿದ್ದರೆ ಜಮೆಯ ಅರ್ಧದಷ್ಟು ಸಾಲ ಸಿಗುತ್ತದೆ, ಅಂದರೆ ವರ್ಷದ ಕೊನೆಗೆ ನಿನಗೆ 3,000. ಅದಕ್ಕೆ ಆರ್‌ಡಿ ಬಡ್ಡಿಗಿಂತ ಶೇ 2 ಹೆಚ್ಚು ಬಡ್ಡಿ ತೆರಬೇಕು. ಮುಂದಿನ ವರ್ಷದ ಕಾಲೇಜು ಫೀಸಿಗೆ ಬೇಕಾದ ಹಣವಾದರೆ ಇಲ್ಲಿ ಹಾಕಲೇಬೇಡ. ಅದಕ್ಕೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಸಾಕು.

2023ರ ಅಕ್ಟೋಬರ್‌ನಲ್ಲಿ ಅಂಚೆ ಆರ್‌ಡಿಯ ಬಡ್ಡಿಯನ್ನು ಶೇ 6.7ಕ್ಕೆ ಏರಿಸಿದರು. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ನೋಡುತ್ತದೆ, ಆದರೆ ನೀನು ತೆರೆದ ದಿನ ಇದ್ದ ದರವೇ ನಿನಗೆ ಐದು ವರ್ಷವೂ. ಶೇ 6.7ರಂತೆ ಹಿಡಿದರೆ ನೀನು ಕಟ್ಟುವ 30,000ಕ್ಕೆ ಕೊನೆಯಲ್ಲಿ ಸುಮಾರು 35,680 ಬರುತ್ತದೆ. ಹೋದ ದಿನವೇ ಈಗಿನ ದರ ಎಷ್ಟೆಂದು ಕೌಂಟರಿನಲ್ಲಿ ಕೇಳಿಕೋ.

ಉಳಿದ 1,400 ನಿನ್ನದು. ಸೀರೆಯೋ ಪುಸ್ತಕವೋ ಗೆಳತಿಯರ ಜೊತೆ ಮಸಾಲೆ ದೋಸೆಯೋ, ನಾನು ಲೆಕ್ಕ ಕೇಳುವುದಿಲ್ಲ. ಈ ತಿಂಗಳ 16 ಕಳೆದ ಮೇಲೆ ಆಧಾರ್, ಪ್ಯಾನ್, ಫೋಟೊ ತೆಗೆದುಕೊಂಡು ಅಂಚೆ ಕಚೇರಿಗೆ ಹೋಗು. ಪಾಸ್‌ಬುಕ್ಕಿನಲ್ಲಿ ಮೊದಲ ಕಂತು ನಮೂದಾಗಿದೆಯೇ ಎಂದು ಅಲ್ಲೇ ನೋಡಿಕೊಂಡು ಬಾ.

ನಿನ್ನ ಅಕ್ಕ